ಗಾಳಿಗೆ ಕಪ್ಪಾಗುವ ಮೂತ್ರ

ಜೀವರಸಾಯನದ ಪ್ರಶ್ನಪತ್ರಿಕೆಗಳಲ್ಲಿ ಜನ್ಮಜಾತ ರೋಗಗಳ ಹೆಸರುಗಳನ್ನು ಒಂದೆಡೆಯೂ ಮೂತ್ರದ ಲಕ್ಷಣಗಳನ್ನು ಇನ್ನೊಂದೆಡೆಯೂ ಕೊಟ್ಟು ಹೊಂದಿಸಿ ಬರೆಯಿರೆಂದು ಕೇಳುವುದುಂಟು. ಇವನ್ನು ಬರಿದೇ ಕಂಠಪಾಠ ಮಾಡುವ ವಿದ್ಯಾರ್ಥಿಯು, ದೇಹದಲ್ಲಿ ಯಾವ ಪದಾರ್ಥವು ಮುಂದೆ ಸಾಗಲಾರದೆ ಸಂಚಯವಾಗಿದೆಯೆಂಬ ಒಂದೇ ವಿಚಾರದಿಂದ ಮೂತ್ರದ ಬಣ್ಣವನ್ನೂ ರೋಗಿಯ ನೋವನ್ನೂ ಒಟ್ಟಿಗೆ ಅರಿಯಬಹುದೆಂಬುದನ್ನು ಕಾಣದೆ ಹೋಗುತ್ತಾನೆ.

ಒಂದು ಪ್ರಶ್ನೆಯನ್ನು ನೋಡೋಣ. 40 ವರ್ಷದ ಗೃಹಸ್ಥನಿಗೆ ಬಹುಕಾಲದಿಂದ ಬೆನ್ನುನೋವು. ಕಣ್ಣಿನ ಬಿಳಿಭಾಗದಲ್ಲಿ ಕಂದು ಮಚ್ಚೆ, ಕಿವಿಯ ಹಾಲೆಯಲ್ಲಿ ನೀಲಿಛಾಯೆ. ಆಗತಾನೆ ವಿಸರ್ಜಿಸಿದ ಮೂತ್ರವು ಸಹಜವಾಗಿಯೇ ತೋರಿ, ಪಾತ್ರೆಯಲ್ಲಿ ಕೆಲವು ಗಂಟೆ ನಿಂತ ಮೇಲೆ ಕಪ್ಪಾಗುತ್ತದೆ. ಬೆನೆಡಿಕ್ಟ್ ದ್ರಾವಣದೊಡನೆ ಕಾಯಿಸಿದರೆ ಸಕ್ಕರೆಯಿದ್ದಂತೆ ಫಲ ಕೊಡುವ ಆ ಮೂತ್ರವೇ, ಗ್ಲೂಕೋಸನ್ನು ಮಾತ್ರ ಗುರುತಿಸುವ ಪಟ್ಟಿಗೆ ಏನನ್ನೂ ತೋರಿಸುವುದಿಲ್ಲ.

ಈ ವೈರುಧ್ಯದಲ್ಲಿಯೇ ಉತ್ತರವಿದೆ. ತಾಮ್ರವನ್ನು ಅಪಕರ್ಷಿಸಬಲ್ಲ, ಆದರೆ ಸಕ್ಕರೆಯಲ್ಲದ ಪದಾರ್ಥವೊಂದು ಅಲ್ಲಿರಲೇಬೇಕು. ಅದು ಹೋಮೋಜೆಂಟಿಸಿಕ್ ಆಮ್ಲ. ಆಹಾರದ ಫೀನೈಲಲನಿನ್ ಟೈರೋಸಿನ್ನಾಗಿ, ಅದು ಮತ್ತೆರಡು ಹೆಜ್ಜೆಗಳಲ್ಲಿ ಈ ಆಮ್ಲವಾಗಿ ಪರಿಣಮಿಸುತ್ತದೆ. ಇದನ್ನು ಒಡೆಯತಕ್ಕ ಹೋಮೋಜೆಂಟಿಸೇಟ್ ಆಕ್ಸಿಡೇಸ್ ಎಂಬ ಕಿಣ್ವವು ಹುಟ್ಟಿನಿಂದಲೇ ನಿಷ್ಕ್ರಿಯವಾಗಿದ್ದರೆ ಆಗುವ ರೋಗವೇ ಅಲ್ಕಾಪ್ಟೋನೂರಿಯ. ಗಾಳಿ ತಾಗಿದಾಗ ಆಮ್ಲವು ಉತ್ಕರ್ಷಿತವಾಗಿ ಕಪ್ಪು ವರ್ಣದ್ರವ್ಯವಾಗುವುದು. ಕ್ಷಾರವನ್ನು ಬೆರೆಸಿದರೆ ಈ ಕ್ರಿಯೆ ತ್ವರಿತವಾಗುವುದು. ಅದೇ ವರ್ಣದ್ರವ್ಯವು ದಶಕಗಳ ಕಾಲ ಮೃದ್ವಸ್ಥಿಗಳಲ್ಲಿ ಸೇರಿಕೊಂಡು ಅವನ್ನು ಪೆಡಸಾಗಿಸುವುದರಿಂದಲೇ ಶೈಶವದಲ್ಲಿ ಮೂತ್ರ ತಾಗಿ ಕಪ್ಪಾಗುವ ಬಟ್ಟೆಗೂ ನಡುವಯಸ್ಸಿನ ಬೆನ್ನುನೋವಿಗೂ ಇಷ್ಟು ದೀರ್ಘವಾದ ಅಂತರ.

ಇದೇ ಹಾದಿಯ ಮೊದಲ ಹೆಜ್ಜೆಯೇ ತಡೆಗೊಂಡರೆ ಫೀನೈಲ್‌ಕೀಟೋನೂರಿಯ: ಮೂತ್ರಕ್ಕೆ ಇಲಿಯ ವಾಸನೆ, ಫೆರಿಕ್ ಕ್ಲೋರೈಡಿನೊಡನೆ ಹಸಿರು, ಚಿಕಿತ್ಸೆಯಿಲ್ಲದ ಶಿಶುವಿಗೆ ಬುದ್ಧಿಮಾಂದ್ಯ. 1934ರಲ್ಲಿ ನಾರ್ವೆಯ ಫೋಲಿಂಗ್ ಈ ಹಸಿರನ್ನು ಕಂಡೇ ರೋಗವನ್ನು ಗುರುತಿಸಿದರು.

ಅಲ್ಕಾಪ್ಟೋನೂರಿಯವು ಒಡಹುಟ್ಟಿದವರಲ್ಲಿ ಮರುಕಳಿಸುವುದನ್ನೂ ಅವರ ತಂದೆತಾಯಿಗಳು ಹಲವು ವೇಳೆ ರಕ್ತಸಂಬಂಧಿಗಳಾಗಿರುವುದನ್ನೂ ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಪರಿಶೀಲಿಸಿ, ಮೆಂಡಲನ ನಿಯಮಕ್ಕೆ ಮಾನವರೋಗದಲ್ಲಿ ನಿದರ್ಶನವನ್ನು ತೋರಿದರು.

ಇಂದು ನಿಟಿಸಿನೋನ್ ಎಂಬ ಔಷಧವು ಹೋಮೋಜೆಂಟಿಸಿಕ್ ಆಮ್ಲವು ಹುಟ್ಟುವ ಹೆಜ್ಜೆಯನ್ನೇ ತಡೆಯುತ್ತದೆ. ಆದರೆ ತಡೆಯು ಹಿಂದಕ್ಕೆ ಸರಿದಂತೆ ರಕ್ತದಲ್ಲಿ ಟೈರೋಸಿನ್ ಏರುವುದರಿಂದ, ರೋಗಿಯ ಆಹಾರದ ಪ್ರೋಟೀನನ್ನು ಮಿತಗೊಳಿಸಿ ಕಣ್ಣುಗಳನ್ನು ಆಗಾಗ ಪರೀಕ್ಷಿಸಬೇಕಾಗುತ್ತದೆ. ಹಾದಿಯನ್ನು ತಿಳಿದವನು ಈ ಎಚ್ಚರಿಕೆಯನ್ನೂ ಯಾರೂ ಹೇಳದೆಯೇ ಊಹಿಸಬಲ್ಲನು.