ದುಬೈಗೆ ಹೊರಡುವ ಮುನ್ನ ಬ್ಯಾಂಕಿನ ಕೆಲಸ

ಉಡುಪಿಯ ಯುವಕನೊಬ್ಬ ಕೆಲಸಕ್ಕೆಂದು ದುಬೈಗೆ ಹೊರಟಿದ್ದಾನೆ ಎನ್ನೋಣ. ಊರಿನ ಮನೆಯಿಂದ ತಿಂಗಳಿಗೆ 12,000 ರೂಪಾಯಿ ಬಾಡಿಗೆ ಬರುತ್ತದೆ. ಅವನ ಉಳಿತಾಯ ಖಾತೆ ಇನ್ನು ಹಾಗೆಯೇ ಮುಂದುವರಿಯುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಫೆಮಾ ಕಾಯ್ದೆಯ ನಿಯಮವಿದು. ಬಹಳ ಜನ ಇದನ್ನು ವರ್ಷಗಟ್ಟಲೆ ಮರೆತುಬಿಡುತ್ತಾರೆ.

ಬಾಡಿಗೆ ಎನ್‌ಆರ್‌ಒಗೆ ಬೀಳಲಿ. ಸಂಬಳಕ್ಕೆ ಮಾತ್ರ ಬೇರೆ ಎನ್‌ಆರ್‌ಇ ಖಾತೆ ತೆರೆಯಬೇಕು. ಕಾರಣ ಬಡ್ಡಿಯಲ್ಲಿದೆ. ಎನ್‌ಆರ್‌ಒ ಠೇವಣಿಯಲ್ಲಿ 10,000 ರೂಪಾಯಿ ಬಡ್ಡಿ ಬಂದರೆ ಸಾಮಾನ್ಯವಾಗಿ ಸೆಸ್ ಸೇರಿ 3,120 ರೂಪಾಯಿ ಮೂಲದಲ್ಲೇ ಕಡಿತವಾಗುತ್ತದೆ. ಹೆಚ್ಚಾಗಿ ಕಡಿತವಾಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬೇಕು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಹಣವನ್ನು ಮರಳಿ ಹೊರದೇಶಕ್ಕೆ ಒಯ್ಯಲೂ ಮಿತಿಯಿಲ್ಲ. ಎನ್‌ಆರ್‌ಒದಿಂದಾದರೆ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಜೊತೆಗೆ ತೆರಿಗೆ ಕಾಗದಪತ್ರ. ಸಂಬಳವನ್ನು ಎನ್‌ಆರ್‌ಒಗೇ ಕಳಿಸುವವರು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಎನ್‌ಆರ್‌ಇಯಲ್ಲಿ ಹಣ ರೂಪಾಯಿಯಾಗಿಬಿಡುತ್ತದೆ. ರೂಪಾಯಿ ಕುಸಿದರೆ ಡಾಲರ್ ಲೆಕ್ಕದಲ್ಲಿ ನಷ್ಟ. ಎಫ್‌ಸಿಎನ್‌ಆರ್ ಠೇವಣಿ ವಿದೇಶಿ ಕರೆನ್ಸಿಯಲ್ಲೇ ಇರುವುದರಿಂದ ಆ ಭಯವಿಲ್ಲ, ಆದರೆ ಅವಧಿ 1ರಿಂದ 5 ವರ್ಷ. ಊರಲ್ಲಿ ಮನೆ ಕಟ್ಟುವ ದುಡ್ಡಿಗೆ ಎನ್‌ಆರ್‌ಇ ಸಾಕು. ಮುಂದೆ ಡಾಲರಿನಲ್ಲೇ ಖರ್ಚಾಗಬೇಕಾದ ಹಣಕ್ಕೆ, ನನ್ನ ಮಟ್ಟಿಗೆ, ಎಫ್‌ಸಿಎನ್‌ಆರ್ ವಾಸಿ.