ಬಡ್ತಿಯ ಲಕೋಟೆ: ಮುಚ್ಚುವ ಅಧಿಕಾರ ಯಾವಾಗ?

ಬಡ್ತಿಯ ಆದೇಶ ಹೊರಬಿದ್ದಿದೆ. ಸೇವಾ ಹಿರಿತನದಲ್ಲಿ ಕೆಳಗಿದ್ದ ಇಬ್ಬರ ಹೆಸರು ಅದರಲ್ಲಿದೆ, ಮೇಲಿದ್ದವರ ಹೆಸರಿಲ್ಲ. ಸಿಬ್ಬಂದಿ ಶಾಖೆಯಲ್ಲಿ ಕೇಳಿದರೆ, “ನಿಮ್ಮ ಮೇಲೆ ಎನ್‌ಕ್ವಯರಿ ಇದೆಯಲ್ಲ ಸಾರ್, ನಿಮ್ಮದು ಸೀಲ್ಡ್ ಕವರ್‌ಗೆ ಹೋಗಿದೆ” ಎಂಬ ಉತ್ತರ ಬರುತ್ತದೆ. ಈ ಮಾತು ಕೇಳಿ ಎಷ್ಟೋ ನೌಕರರು ತಲೆ ತಗ್ಗಿಸಿ ಹಿಂದಿರುಗುತ್ತಾರೆ. ಅವರು ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಬೇಕು: ಬಡ್ತಿ ಸಮಿತಿ ಸಭೆ ಸೇರಿದ ದಿನ ನನ್ನ ವಿರುದ್ಧ ದೋಷಾರೋಪಣಾ ಪಟ್ಟಿ ಹೊರಟಿತ್ತೇ? ಇಲ್ಲ ಎನ್ನುವುದಾದರೆ, ಅಮಾನತು ಅಥವಾ ಕ್ರಿಮಿನಲ್ ಮೊಕದ್ದಮೆ ಇಲ್ಲದ ನೌಕರನ ಲಕೋಟೆಯನ್ನು ಮುಚ್ಚುವ ಅಧಿಕಾರವೇ ಸಮಿತಿಗೆ ಇರಲಿಲ್ಲ.

ಬಡ್ತಿ ಪಡೆಯುವುದು ನೌಕರನ ಹಕ್ಕಲ್ಲ. ಆದರೆ ಅರ್ಹತೆ ಬಂದಾಗ ತನ್ನ ಹೆಸರನ್ನು ಪರಿಗಣಿಸಬೇಕು ಎಂದು ಕೇಳುವುದು ಸಂವಿಧಾನದ 16ನೇ ವಿಧಿಯಿಂದ ಬಂದ ಮೂಲಭೂತ ಹಕ್ಕು. ಇತ್ತ ಗಂಭೀರ ಆರೋಪ ಹೊತ್ತವನನ್ನು ವಿಚಾರಣೆ ಮುಗಿಯುವ ಮೊದಲೇ ಮೇಲಿನ ಕುರ್ಚಿಯಲ್ಲಿ ಕೂರಿಸುವುದು ಆಡಳಿತಕ್ಕೆ ಒಳ್ಳೆಯದಲ್ಲ. ಈ ಎರಡಕ್ಕೂ ಧಕ್ಕೆಯಾಗದಂತೆ ಹುಟ್ಟಿದ ಏರ್ಪಾಡೇ ಮುಚ್ಚಿದ ಲಕೋಟೆ. ಕೇಂದ್ರ ಸರ್ಕಾರದ ನೌಕರರ ಮಟ್ಟಿಗೆ ಇದರ ನಿಯಮಗಳು ಸಿಬ್ಬಂದಿ ಇಲಾಖೆಯ 1992ರ ಸೆಪ್ಟೆಂಬರ್ 14ರ ಜ್ಞಾಪನದಲ್ಲಿವೆ. ರಾಜ್ಯಗಳಲ್ಲಿ ಬೇರೆ ಸುತ್ತೋಲೆಗಳಿವೆ, ತಿರುಳು ಹೆಚ್ಚುಕಡಿಮೆ ಒಂದೇ.

ಇಲಾಖಾ ಮುಂಬಡ್ತಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿರುವ ಡಿಪಿಸಿ, ವಿಚಾರಣೆ ಎದುರಿಸುತ್ತಿರುವವರ ಹೆಸರನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಉಳಿದವರ ಸೇವಾ ವರದಿಗಳನ್ನು ನೋಡಿದಂತೆ ಅವರದನ್ನೂ ನೋಡಬೇಕು, ಆರೋಪವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅರ್ಹರೋ ಅಲ್ಲವೋ ಎಂಬ ತೀರ್ಮಾನವನ್ನು ಬರೆದು ಲಕೋಟೆಗೆ ಹಾಕಿ ಮೊಹರು ಒತ್ತಬೇಕು. ಯಾವ ಹುದ್ದೆ, ಯಾರ ಹೆಸರು ಎಂಬುದನ್ನೂ, ಪ್ರಕರಣ ಮುಗಿಯುವವರೆಗೆ ತೆರೆಯಬಾರದು ಎಂಬುದನ್ನೂ ಲಕೋಟೆಯ ಮೇಲೆ ಬರೆಯಬೇಕು. ಸಭೆಯ ನಡವಳಿಯಲ್ಲಿ ಇರುವುದು ‘ತೀರ್ಮಾನವು ಲಗತ್ತಿಸಿದ ಲಕೋಟೆಯಲ್ಲಿದೆ’ ಎಂಬ ಟಿಪ್ಪಣಿ ಮಾತ್ರ. ಮುಂದಿನ ಡಿಪಿಸಿಗಳು ಕೂಡ, ಪ್ರಕರಣ ಬಾಕಿ ಇರುವವರೆಗೆ, ಇದೇ ಕ್ರಮ ಅನುಸರಿಸಬೇಕು. ‘ವಿಚಾರಣೆ ಬಾಕಿ ಇದೆ, ಆದ್ದರಿಂದ ಪರಿಗಣಿಸಿಲ್ಲ’ ಎಂದು ನಡವಳಿಯಲ್ಲಿ ಬರೆದಿದ್ದರೆ ಅದು ಲಕೋಟೆ ಪದ್ಧತಿಯೇ ಅಲ್ಲ, ನೌಕರನ ಹಕ್ಕನ್ನು ನಿರಾಕರಿಸಿದ ದಾಖಲೆ.

ಲಕೋಟೆಗೆ ಮೊಹರು ಬೀಳುವ ಸಂದರ್ಭಗಳು ಮೂರೇ. ನೌಕರ ಅಮಾನತಿನಲ್ಲಿರಬೇಕು, ಇಲ್ಲವೇ ಇಲಾಖಾ ವಿಚಾರಣೆಯ ದೋಷಾರೋಪಣಾ ಪಟ್ಟಿ ಹೊರಟಿರಬೇಕು, ಇಲ್ಲವೇ ಕ್ರಿಮಿನಲ್ ಮೊಕದ್ದಮೆ ಬಾಕಿ ಇರಬೇಕು. 1988ರ ಹಳೆಯ ಜ್ಞಾಪನದಲ್ಲಿ ನಾಲ್ಕನೆಯದೂ ಒಂದಿತ್ತು: ಭ್ರಷ್ಟಾಚಾರದಂಥ ಗಂಭೀರ ಆರೋಪದ ಮೇಲೆ ತನಿಖೆ ನಡೆಯುತ್ತಿದ್ದರೂ ಸಾಕಿತ್ತು. ಅದು ಬಿದ್ದುಹೋಗಲು ಕಾರಣ 1991ರ ಆಗಸ್ಟ್ 27ರಂದು ಸುಪ್ರೀಂ ಕೋರ್ಟ್ ಕೊಟ್ಟ ಜಾನಕಿರಾಮನ್ ತೀರ್ಪು.

ಆ ಪ್ರಕರಣದಲ್ಲಿ ಸರ್ಕಾರದ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ಗಂಭೀರ ಆರೋಪಕ್ಕೆ ಸಾಕ್ಷ್ಯ ಕಲೆಹಾಕಿ ದೋಷಾರೋಪಣಾ ಪಟ್ಟಿ ಸಿದ್ಧಪಡಿಸಲು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಆರೋಪಿಗೆ ಬಡ್ತಿ ಕೊಡಬೇಕಾದರೆ ಆಡಳಿತದ ಶುದ್ಧತೆ ಏನಾಗಬೇಕು ಎಂಬುದು ಅದರ ಪ್ರಶ್ನೆ. ನ್ಯಾಯಾಲಯ ಇದಕ್ಕೆ ಅನುಭವದ ಮಾತಿನಿಂದಲೇ ಉತ್ತರ ಕೊಟ್ಟಿತು. ಪ್ರಾಥಮಿಕ ತನಿಖೆಗಳು ವಿಪರೀತ ಎಳೆಯುತ್ತವೆ, ಹಿತಾಸಕ್ತರ ದೂರಿನಿಂದ ಶುರುವಾದವನ್ನು ಬೇಕೆಂದೇ ಬಾಕಿ ಇಡಲಾಗುತ್ತದೆ, ಅನೇಕ ಬಾರಿ ದೋಷಾರೋಪಣಾ ಪಟ್ಟಿಯವರೆಗೆ ಅವು ಬರುವುದೇ ಇಲ್ಲ. ಆರೋಪ ನಿಜಕ್ಕೂ ಗಂಭೀರವಾಗಿದ್ದರೆ ಅಮಾನತು ಮಾಡುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ. ಅಮಾನತು ಮಾಡುವಷ್ಟು ಗಂಭೀರವಲ್ಲ, ಆದರೆ ಬಡ್ತಿ ತಡೆಯುವಷ್ಟು ಗಂಭೀರ ಎಂಬ ನಡುವಣ ನೆಲೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ದೋಷಾರೋಪಣಾ ಪಟ್ಟಿ ಅಥವಾ ಕ್ರಿಮಿನಲ್ ಪ್ರಕರಣದ ಚಾರ್ಜ್‌ಶೀಟ್ ಹೊರಟ ಮೇಲೆಯೇ ಕ್ರಮ ಆರಂಭವಾಯಿತು ಎನ್ನಬಹುದು, ಲಕೋಟೆಯ ಮಾತು ಅದರ ನಂತರದ್ದು. ದೂರು ಅರ್ಜಿ, ಕಾರಣ ಕೇಳಿ ನೋಟಿಸ್, ಪ್ರಾಥಮಿಕ ತನಿಖೆ, ಎಫ್‌ಐಆರ್ ಇವು ಯಾವುವೂ ತಮ್ಮಷ್ಟಕ್ಕೆ ಸಾಲವು.

ನಮ್ಮ ರಾಜ್ಯದಲ್ಲಿ ಇದು ಹೆಚ್ಚಾಗಿ ತಗಲುವುದು ಲೋಕಾಯುಕ್ತ ಪ್ರಕರಣಗಳಿಗೆ. ಬಲೆಗೆ ಬಿದ್ದ ನೌಕರ ಅಮಾನತಾಗುತ್ತಾನೆ, ತಿಂಗಳುಗಳ ನಂತರ ಅಮಾನತು ತೆರವಾಗುತ್ತದೆ, ಮೊಕದ್ದಮೆಗೆ ಸರ್ಕಾರದ ಪೂರ್ವಾನುಮತಿ ಸಿಗದೆ ಚಾರ್ಜ್‌ಶೀಟ್ ಹಾಗೇ ಉಳಿಯುತ್ತದೆ. ಜಾನಕಿರಾಮನ್ ತೀರ್ಪಿನ ತರ್ಕದಂತೆ, ಅಮಾನತು ತೆರವಾಗಿ ಯಾವ ಆರೋಪಪಟ್ಟಿಯೂ ಹೊರಡದ ಆ ಅವಧಿಯಲ್ಲಿ ಸೇರುವ ಡಿಪಿಸಿಗೆ ಲಕೋಟೆ ಮುಚ್ಚಲು ಆಧಾರವಿಲ್ಲ. ಓದುಗರಿಗೆ ಇದು ಕಸಿವಿಸಿ ತರಬಹುದು. ಆದರೆ ಅಲ್ಲಿ ತಪ್ಪಿರುವುದು ಆರೋಪಪಟ್ಟಿಯನ್ನು ಹೊತ್ತಿಗೆ ಸರಿಯಾಗಿ ಹೊರಡಿಸದ ಸರ್ಕಾರ. ಅದರ ವಿಳಂಬವನ್ನು ಅದರದೇ ಅಸ್ತ್ರವಾಗಲು ಬಿಡಬಾರದೆಂಬ ನಿಲುವು ನನಗೆ ಸರಿಯೆನಿಸುತ್ತದೆ.

ಹಾಗಾದರೆ ‘ಹೊರಟಿದೆ’ ಎಂದರೆ ನೌಕರನ ಕೈ ಸೇರಿರಬೇಕೇ? ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಎಂಜಿನಿಯರ್ ಒಬ್ಬರಿಗೆ 1990ರ ಜುಲೈನಲ್ಲಿ ದೋಷಾರೋಪಣಾ ಪಟ್ಟಿ ರವಾನೆಯಾಯಿತು. ಅವರು ರಜೆಯ ಮೇಲಿದ್ದರು. ನವೆಂಬರ್‌ನಲ್ಲಿ ಡಿಪಿಸಿ ಸೇರಿ ಅವರ ತೀರ್ಮಾನವನ್ನು ಲಕೋಟೆಗೆ ಹಾಕಿತು. ಪಟ್ಟಿ ಅವರ ಕೈಗೆ ಬಂದದ್ದು 1991ರ ಜನವರಿಯಲ್ಲಿ. ಎಚ್.ಸಿ. ಖುರಾನಾ ಪ್ರಕರಣವೆಂದು ಹೆಸರಾದ ಇದರಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಲಕೋಟೆಯನ್ನು ಎತ್ತಿಹಿಡಿಯಿತು. ವಿಚಾರಣೆ ನಡೆಸಲು ನಿರ್ಧರಿಸಿ, ಪಟ್ಟಿ ಸಿದ್ಧಪಡಿಸಿ, ಅದನ್ನು ನೌಕರನಿಗೆ ರವಾನಿಸಿದರೆ ಸಾಕು. ಇಲ್ಲವಾದರೆ ನೋಟಿಸ್ ತಪ್ಪಿಸಿಕೊಂಡು ಓಡಾಡುವವನಿಗೇ ಲಾಭ. ಹಾಗಾಗಿ ‘ನನಗೆ ತಲುಪಿಯೇ ಇರಲಿಲ್ಲ’ ಎಂಬ ವಾದವನ್ನು ನಂಬಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬಾರದು, ರವಾನೆ ವಹಿಯಲ್ಲಿರುವ ತಾರೀಖನ್ನು ಮೊದಲು ನೋಡಬೇಕು.

ಇನ್ನು ಹೆಚ್ಚು ತಕರಾರು ಹುಟ್ಟುವುದು 1992ರ ಜ್ಞಾಪನದ 7ನೇ ಕಂಡಿಕೆಯಿಂದ. ಡಿಪಿಸಿ ಸೇರಿದ ದಿನ ನೌಕರನ ಮೇಲೆ ಏನೂ ಇರಲಿಲ್ಲ, ಸಮಿತಿ ಶಿಫಾರಸನ್ನೂ ಮಾಡಿತು ಎಂದುಕೊಳ್ಳಿ. ಬಡ್ತಿ ನಿಜವಾಗಿ ಸಿಗುವ ಮುನ್ನ ದೋಷಾರೋಪಣಾ ಪಟ್ಟಿ ಹೊರಟರೆ, ಆ ಶಿಫಾರಸು ಲಕೋಟೆಯೊಳಗೇ ಇತ್ತೆಂದು ಭಾವಿಸಬೇಕು ಎನ್ನುತ್ತದೆ ಈ ಕಂಡಿಕೆ. 2000ದಲ್ಲಿ ಆರ್.ಎಸ್. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಒಬ್ಬರ ಆದೇಶವನ್ನಷ್ಟೇ ಮೇಜಿನ ಮೇಲೆ ಇಟ್ಟುಕೊಂಡು, ನಿಧಾನವಾಗಿ ಪಟ್ಟಿ ಸಿದ್ಧಪಡಿಸಿ, ಆಮೇಲೆ 7ನೇ ಕಂಡಿಕೆ ತೋರಿಸುವ ದುರುಪಯೋಗಕ್ಕೆ ದಾರಿ ಇರುವುದು ಇಲ್ಲೇ. ಅದಕ್ಕೆ ಕಡಿವಾಣ ಹಾಕಿದ್ದು 2013ರಲ್ಲಿ ರೈಲ್ವೆ ಅಧಿಕಾರಿಯೊಬ್ಬರ ಪ್ರಕರಣದ ತೀರ್ಪು. ಅವರ ಡಿಪಿಸಿ ಸೇರಿದ್ದು 2002ರ ಫೆಬ್ರವರಿಯಲ್ಲಿ, ಕಿರಿಯರಿಗೆ ಬಡ್ತಿ ಸಿಕ್ಕಿದ್ದು 2003ರ ಏಪ್ರಿಲ್‌ನಲ್ಲಿ, ದೋಷಾರೋಪಣಾ ಪಟ್ಟಿ ಬಂದದ್ದು ಆಗಸ್ಟ್‌ನಲ್ಲಿ. ಕಿರಿಯರು ಮೇಲೇರಿದ ದಿನ ಅವರ ಮೇಲೆ ಅಮಾನತೂ ಇರಲಿಲ್ಲ, ಪಟ್ಟಿಯೂ ಇರಲಿಲ್ಲ. ಆದ್ದರಿಂದ ಬಡ್ತಿ ತಡೆದದ್ದು ತಪ್ಪು ಎಂದಿತು ನ್ಯಾಯಾಲಯ.

ಅಲ್ಲಿಗೆ ನೋಡಬೇಕಾದ ತಾರೀಖುಗಳು ಮೂರು: ಡಿಪಿಸಿ ಸಭೆಯದು, ದೋಷಾರೋಪಣಾ ಪಟ್ಟಿ ರವಾನೆಯದು, ಕಿರಿಯರ ಬಡ್ತಿ ಆದೇಶದ್ದು. ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡೋಣ. ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರ ನೌಕರರ ಮೇಲೆ 2021ರ ಫೆಬ್ರವರಿಯಲ್ಲಿ ದೂರು ಬಂದು, ಜೂನ್‌ನಲ್ಲಿ ಕಾರಣ ಕೇಳಿ ನೋಟಿಸ್ ಜಾರಿಯಾಗುತ್ತದೆ. ಅವರು ಅಮಾನತಾಗಿಲ್ಲ. ನವೆಂಬರ್ 10ಕ್ಕೆ ಡಿಪಿಸಿ, 2022ರ ಜನವರಿ 20ಕ್ಕೆ ಕಿರಿಯರ ಬಡ್ತಿ. ದೋಷಾರೋಪಣಾ ಪಟ್ಟಿ ಹೊರಟದ್ದು ಮೇ ತಿಂಗಳಲ್ಲಾದರೆ ಲಕೋಟೆ ಕಾನೂನಿಗೆ ವಿರುದ್ಧ, ಜನವರಿ 20ರಿಂದಲೇ ಬಡ್ತಿ ಕೇಳಬಹುದು. ಅದೇ ಪಟ್ಟಿ ನವೆಂಬರ್ 5ಕ್ಕೆ ಹೊರಟಿದ್ದರೆ ಲಕೋಟೆ ಸರಿ. ಡಿಸೆಂಬರ್‌ನಲ್ಲಿ ಹೊರಟಿದ್ದರೆ 7ನೇ ಕಂಡಿಕೆ ಅನ್ವಯವಾಗುತ್ತದೆ.

ಪಟ್ಟಿ ನವೆಂಬರ್ 5ಕ್ಕೇ ಹೊರಟಿತ್ತು ಎಂದಿಟ್ಟುಕೊಂಡು ಇದೇ ಉದಾಹರಣೆಯಲ್ಲಿ ಮುಂದುವರಿಯೋಣ. ವಿಚಾರಣೆ ಏಕೆ ಮುಗಿದಿಲ್ಲವೆಂದು ಆರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಜ್ಞಾಪನ ಹೇಳುತ್ತದೆ. ಮೊದಲ ಡಿಪಿಸಿಯಿಂದ ಎರಡು ವರ್ಷ ಕಳೆದರೂ, ಅಂದರೆ 2023ರ ನವೆಂಬರ್ ಆದರೂ ಪ್ರಕರಣ ಮುಗಿಯದಿದ್ದರೆ, ತಾತ್ಕಾಲಿಕ ಬಡ್ತಿ ಕೊಡಬಹುದೇ ಎಂದು ನೇಮಕಾತಿ ಪ್ರಾಧಿಕಾರ ಯೋಚಿಸಬಹುದು. ಆರೋಪದ ತೀವ್ರತೆ, ಸಾರ್ವಜನಿಕ ಹಿತ, ಆ ಹುದ್ದೆಯಲ್ಲಿ ಕೂತು ಸಾಕ್ಷ್ಯ ಕೆಡಿಸುವ ಸಾಧ್ಯತೆ, ವಿಳಂಬಕ್ಕೆ ನೌಕರನೇ ಕಾರಣನೇ ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಈ ಅವಕಾಶ ಗೊತ್ತಿಲ್ಲದ್ದರಿಂದಲೇ ಎಷ್ಟೋ ಜನ ಅರ್ಜಿ ಹಾಕುವುದಿಲ್ಲ.

2025ರ ಮಾರ್ಚ್‌ನಲ್ಲಿ ಅವರು ಪೂರ್ಣ ದೋಷಮುಕ್ತರಾದರು ಎನ್ನೋಣ. ಲಕೋಟೆ ತೆರೆಯಬೇಕು. ಒಳಗೆ ‘ಅರ್ಹ’ ಎಂದಿದ್ದರೆ 2022ರ ಜನವರಿ 20ರಿಂದಲೇ ಬಡ್ತಿ ಸಿಕ್ಕಿತೆಂದು ಪರಿಗಣಿಸಿ ಹಿರಿತನ ಮತ್ತು ವೇತನ ನಿಗದಿ ಮಾಡಬೇಕು, ಬೇಕಾದರೆ ಆ ಜಾಗದಲ್ಲಿ ತಾತ್ಕಾಲಿಕವಾಗಿ ಕೂತ ಕೊನೆಯವರನ್ನು ಹಿಂದಕ್ಕೆ ಕಳಿಸಬೇಕು. ಮೂರು ವರ್ಷದ ವೇತನ ವ್ಯತ್ಯಾಸದ ಕಥೆ ಬೇರೆ. ದುಡಿಯದವನಿಗೆ ಸಂಬಳವಿಲ್ಲ ಎಂಬ ತತ್ವವನ್ನು, ದುಡಿಯಲು ಸಿದ್ಧನಿದ್ದು ತನ್ನ ತಪ್ಪಿಲ್ಲದೆ ದೂರ ಉಳಿಯಬೇಕಾಗಿ ಬಂದವನಿಗೆ ಹೇರಬಾರದು ಎಂದಿದೆ ಜಾನಕಿರಾಮನ್ ತೀರ್ಪು. ಆದರೆ ಹಿಂಬಾಕಿಯನ್ನು ಕಣ್ಣುಮುಚ್ಚಿ ಕೊಡಬೇಕೆಂದೂ ಹೇಳಿಲ್ಲ. ನೌಕರನೇ ವಿಚಾರಣೆ ಎಳೆದಿದ್ದರೆ, ಕ್ರಿಮಿನಲ್ ಪ್ರಕರಣದಲ್ಲಿ ಅನುಮಾನದ ಲಾಭದಿಂದ ಬಿಡುಗಡೆಯಾಗಿದ್ದರೆ, ಅವನಿಂದಾಗಿಯೇ ಸಾಕ್ಷ್ಯ ಸಿಗದಿದ್ದರೆ ಪ್ರಾಧಿಕಾರ ಹಿಂಬಾಕಿಯನ್ನು ನಿರಾಕರಿಸಬಹುದು, ಕಾರಣವನ್ನು ಮಾತ್ರ ಬರಹದಲ್ಲಿ ದಾಖಲಿಸಬೇಕು. ಕಾರಣವಿಲ್ಲದ ‘ಹಿಂಬಾಕಿ ಇಲ್ಲ’ ಎಂಬ ಒಂದು ಸಾಲಿನ ಆದೇಶವನ್ನು ಪ್ರಶ್ನಿಸಬಹುದು.

ದೋಷಮುಕ್ತಿ ಸಿಗದೆ ಯಾವುದೇ ದಂಡನೆಯಾದರೆ, ಅದು ಬರೀ ವಾಗ್ದಂಡನೆಯಾದರೂ ಸರಿ, ಲಕೋಟೆಯೊಳಗಿನ ಶಿಫಾರಸಿಗೆ ಬೆಲೆಯಿಲ್ಲ. ಮುಂದಿನ ಡಿಪಿಸಿ ಆ ದಂಡನೆಯನ್ನೂ ನೋಡಿಕೊಂಡು ಹೊಸದಾಗಿ ಪರಿಗಣಿಸುತ್ತದೆ. ಸಣ್ಣ ತಪ್ಪಿಗೆ ಬಡ್ತಿಯ ವರ್ಷಗಳೇ ಹೋಗುವ ಈ ನಿಯಮ ಕಠಿಣವೆಂದು ನನಗನ್ನಿಸುತ್ತದೆ, ಆದರೆ ತಪ್ಪಿತಸ್ಥನನ್ನು ಕಳಂಕವಿಲ್ಲದವರ ಸಾಲಿನಲ್ಲಿ ನಿಲ್ಲಿಸಲಾಗದು ಎಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಒಪ್ಪಿದೆ. ಒಂದು ವಿಚಾರಣೆಯಿಂದ ಪಾರಾದವನ ಲಕೋಟೆಯನ್ನು, ಆಮೇಲೆ ಶುರುವಾದ ಇನ್ನೊಂದು ವಿಚಾರಣೆಯ ನೆಪದಲ್ಲಿ ಮುಚ್ಚಿಯೇ ಇಡುವಂತಿಲ್ಲ ಎಂಬುದನ್ನೂ ಅದೇ ನ್ಯಾಯಾಲಯ 2000ದಲ್ಲಿ ದೆಹಲಿ ಜಲ ಮಂಡಳಿಯ ಪ್ರಕರಣದಲ್ಲಿ ಹೇಳಿದೆ.

ಬಡ್ತಿ ತಪ್ಪಿದ ನೌಕರರು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಆ ಮೂರು ತಾರೀಖುಗಳನ್ನು, ಅವುಗಳ ದಾಖಲೆಯ ಪ್ರತಿಯೊಂದಿಗೆ ಕೇಳಿ ಪಡೆಯಿರಿ, ಇಲಾಖೆಗೆ ಲಿಖಿತ ಮನವಿಯನ್ನೂ ಕೊಡಿ. ನ್ಯಾಯ ಕೇಳಬೇಕಾದ ಜಾಗ ಕೇಂದ್ರ ನೌಕರರಿಗೆ ಕೇಂದ್ರೀಯ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ, ರಾಜ್ಯ ನೌಕರರಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯ ಪ್ರಕಾರ ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ ಸಿಗುತ್ತದೆ.