ಕಂಬ ಯಾವುದೆಂದು ಪತ್ರವೇ ಹೇಳಲಿ

‘ನಮ್ಮ ರಸ್ತೆಯ ದೀಪ ಉರಿಯುತ್ತಿಲ್ಲ’ ಎಂದಷ್ಟೇ ಬರೆದರೆ ಲೈನ್‌ಮನ್ ಹಗಲಲ್ಲಿ ಬಂದು ಸಾಲು ಕಂಬಗಳನ್ನು ನೋಡಿ ಹಿಂದಿರುಗುತ್ತಾನೆ. ಹಗಲಲ್ಲಿ ಎಲ್ಲ ದೀಪಗಳೂ ಆರಿಯೇ ಇರುತ್ತವಲ್ಲ! ಹಾಗಾಗಿ ಪತ್ರವೇ ಕಂಬವನ್ನು ತೋರಿಸಬೇಕು.

ಕಂಬದ ಬುಡದಲ್ಲಿ ನಿಂತು ಫೋನಿನ ನಕ್ಷೆಯಲ್ಲಿ ಆ ಜಾಗವನ್ನು ಒತ್ತಿಹಿಡಿದರೆ ಪಿನ್ ಬಿದ್ದು, ಅಕ್ಷಾಂಶ, ರೇಖಾಂಶ ಕಾಣುತ್ತವೆ. ಮೈಸೂರಿನ ಒಂದು ಕಂಬಕ್ಕೆ ಪತ್ರ ಹೀಗಿರಬಹುದು:

‘ಮಾನ್ಯರೇ, ಈ ಕೆಳಗಿನ ಸ್ಥಳದ ಬೀದಿದೀಪ ಒಂದು ವಾರದಿಂದ ಉರಿಯುತ್ತಿಲ್ಲ. ಅಕ್ಕಪಕ್ಕದ ದೀಪಗಳು ಉರಿಯುತ್ತಿವೆ. ಸ್ಥಳ: 12.31874, 76.63052. ದಯವಿಟ್ಟು ದುರಸ್ತಿ ಮಾಡಿಸಿ.’

```
https://www.google.com/maps?q=12.31874,76.63052
```

ದಶಾಂಶದ ನಂತರ ಮೂರೇ ಅಂಕಿ ಬರೆದರೆ ಸುಮಾರು 110 ಮೀಟರ್ ಅಂತರದವರೆಗೂ ಗುರುತು ಮಸುಕಾಗುತ್ತದೆ. ಅಷ್ಟರಲ್ಲಿ ಹಲವು ಕಂಬಗಳಿರುತ್ತವೆ. ಐದು ಅಂಕಿ ಬರೆದರೆ ಒಂದು ಮೀಟರಿನಷ್ಟು ನಿಖರ. ಆದರೆ ಫೋನೇ ಮರ, ಎತ್ತರದ ಕಟ್ಟಡಗಳ ನಡುವೆ ಹಲವು ಮೀಟರ್ ತಪ್ಪಬಹುದು. ಅದಕ್ಕೇ ಕಂಬದ ಮೇಲೆ ಬರೆದ ಸಂಖ್ಯೆ, ಎದುರಿನ ಅಂಗಡಿಯ ಹೆಸರನ್ನೂ ಸೇರಿಸಿ. ನನ್ನ ಮಟ್ಟಿಗೆ ಕಂಬದ ಸಂಖ್ಯೆಯೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ.

ಅಕ್ಷಾಂಶ ಮೊದಲು ಬರಬೇಕು. ಅದಲುಬದಲಾದರೆ ಪಿನ್ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಬೀಳುತ್ತದೆ! ವಾಟ್ಸಾಪ್‌ನ ‘ಲೈವ್ ಲೊಕೇಶನ್’ ಕಳಿಸಬೇಡಿ. ಅದು ನಿಮ್ಮೊಡನೆ ಚಲಿಸುತ್ತದೆ, ಕೆಲ ಗಂಟೆಗಳಲ್ಲಿ ನಿಂತೂ ಹೋಗುತ್ತದೆ. ಕಾಗದದ ಅರ್ಜಿಯಲ್ಲಿ ಲಿಂಕ್ ಒತ್ತಲಾಗದು, ಅಲ್ಲಿ ಅಂಕಿಗಳನ್ನೇ ದೊಡ್ಡದಾಗಿ ಬರೆಯಿರಿ. ಇಡೀ ಸಾಲೇ ಆರಿದ್ದರೆ ಅದನ್ನೂ ತಿಳಿಸಿ. ಆಗ ದೋಷ ಬಲ್ಬಿನಲ್ಲಲ್ಲ, ಸ್ವಿಚ್ಚಿನಲ್ಲೋ ತಂತಿಯಲ್ಲೋ ಇರುವ ಸಾಧ್ಯತೆ ಹೆಚ್ಚು.